ಒಂದೇ ಕಡತ, ಎರಡು ತೀರ್ಪು

ದೊಡ್ಡ ಕೇಸೊಂದರ ತೀರ್ಪು ಬರುವ ದಿನ ಜನ ಮೊದಲು ಕೇಳುವುದು ‘ಯಾವ ಸೆಕ್ಷನ್?’ ಎಂದಲ್ಲ, ‘ಜಡ್ಜ್ ಯಾರು?’ ಎಂದು. ನಮ್ಮ ಮನೆಯಲ್ಲಿ ಅಬ್ಬಾ ಕೇಳುವುದೂ ಅದನ್ನೇ. ಆದರೆ ನಾವು ಪಾಠದಲ್ಲಿ ಓದುವುದು ಬೇರೆ. ಶಾಸಕಾಂಗ ಕಾನೂನು ಮಾಡುತ್ತದೆ, ನ್ಯಾಯಾಂಗ ಅದನ್ನು ಅನ್ವಯಿಸುತ್ತದೆ. ಇದು ಪೂರ್ತಿ ನಿಜವಾಗಿದ್ದರೆ ಜಡ್ಜ್ ಯಾರಾದರೇನು? ಉತ್ತರ ಒಂದೇ ಬರಬೇಕಲ್ಲವೇ?

ಈ ಪ್ರಶ್ನೆಯನ್ನು 1920 ಮತ್ತು 30ರ ದಶಕಗಳಲ್ಲಿ ಅಮೆರಿಕದ ಕೆಲವು ಕಾನೂನು ಪ್ರಾಧ್ಯಾಪಕರು ಮತ್ತು ವಕೀಲರು ಗಂಭೀರವಾಗಿ ಎತ್ತಿಕೊಂಡರು. ಅವರ ಚಿಂತನೆಗೆ ಲೀಗಲ್ ರಿಯಲಿಸಂ, ಅಂದರೆ ಕಾನೂನಿನ ವಾಸ್ತವವಾದ ಎಂದು ಹೆಸರು. ‘ಜಡ್ಜ್ ಬೆಳಿಗ್ಗೆ ಏನು ತಿಂದರು ಎಂಬುದರ ಮೇಲೆ ತೀರ್ಪು ನಿಂತಿದೆ’ ಎಂಬ ಮಾತನ್ನು ಇವರ ತಲೆಗೆ ಕಟ್ಟುವುದುಂಟು. ಅದು ಅವರಿಗೆ ಮಾಡುವ ಅನ್ಯಾಯ. ಅವರಲ್ಲಿ ಹೆಚ್ಚಿನವರು ಹೇಳಿದ್ದು ಇದಕ್ಕಿಂತ ಸೂಕ್ಷ್ಮವಾದದ್ದು. ಮೇಲಿನ ಕೋರ್ಟಿಗೆ ಹೋಗುವ ಕಷ್ಟದ ಕೇಸುಗಳಲ್ಲಿ ನಿಯಮಗಳು ಒಂದೇ ಉತ್ತರಕ್ಕೆ ಕರೆದೊಯ್ಯುವುದಿಲ್ಲ. ದಾರಿ ಎರಡಾಗಿ ಒಡೆಯುತ್ತದೆ, ಎರಡೂ ದಾರಿ ಕಾನೂನಿನ ಪ್ರಕಾರ ಸರಿಯೇ ಆಗಿರುತ್ತದೆ. ಆಗ ಯಾವ ದಾರಿ ಹಿಡಿಯಬೇಕೆಂದು ನಿಯಮ ಹೇಳುವುದಿಲ್ಲ, ಜಡ್ಜ್ ಆರಿಸಿಕೊಳ್ಳಬೇಕಾಗುತ್ತದೆ.

ಕಾರ್ಲ್ ಲೆವೆಲಿನ್ ಎಂಬ ಪ್ರಾಧ್ಯಾಪಕರು ಕೊಲಂಬಿಯಾ ವಿಶ್ವವಿದ್ಯಾಲಯದ ಹೊಸ ಕಾನೂನು ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸಗಳು 1930ರಲ್ಲಿ ಪುಸ್ತಕವಾಗಿ ಬಂದವು. ಹಿಂದಿನ ತೀರ್ಪನ್ನು ಓದುವ ಎರಡು ರೀತಿಗಳನ್ನು ಅದರಲ್ಲಿ ಅವರು ತೋರಿಸಿದರು. ಒಂದು, ಬಿಗಿಯಾಗಿ ಓದುವುದು: ‘ಆ ತೀರ್ಪು ಆ ಸಂಗತಿಗಳಿಗೆ ಮಾತ್ರ, ನಮ್ಮ ಕೇಸು ಬೇರೆ.’ ಇನ್ನೊಂದು, ಸಡಿಲವಾಗಿ ಓದುವುದು: ‘ಆ ತೀರ್ಪಿನ ಹಿಂದೆ ದೊಡ್ಡ ತತ್ವ ಇದೆ, ಅದು ಇಲ್ಲಿಗೂ ಬರುತ್ತದೆ.’ ಬೇಡವಾದ ತೀರ್ಪನ್ನು ಕತ್ತರಿಸಿ ಚಿಕ್ಕದು ಮಾಡಲು ಮೊದಲನೆಯದು, ಬೇಕಾದ ತೀರ್ಪನ್ನು ಹಿಗ್ಗಿಸಲು ಎರಡನೆಯದು. ಎರಡನ್ನೂ ವಕೀಲರೂ ಜಡ್ಜ್‌ಗಳೂ ದಿನವೂ ಬಳಸುತ್ತಾರೆ, ಎರಡನ್ನೂ ಯಾರೂ ತಪ್ಪು ಎನ್ನುವುದಿಲ್ಲ.

ಇದನ್ನು ಪರೀಕ್ಷಿಸಲು ಒಂದು ಒಳ್ಳೆಯ ಕೇಸು ಬೇಕು. ಸಂಗತಿಗಳು, ಕಾನೂನು, ವಾದ ಎಲ್ಲವೂ ಒಂದೇ ಆಗಿದ್ದು, ಜಡ್ಜ್ ಮಾತ್ರ ಬೇರೆ ಇರಬೇಕು. ಅಂಥದ್ದು ನಮ್ಮ ರಾಜ್ಯದಲ್ಲೇ ಇದೆ: ಹಿಜಾಬ್ ಕೇಸು. ಅದರ ಬಗ್ಗೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯ ಇದೆ, ನನಗೂ ಇದೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ತೀರ್ಪು ಹೇಗೆ ಕಟ್ಟಲ್ಪಟ್ಟಿತು ಎಂಬುದನ್ನಷ್ಟೇ ನೋಡೋಣ.

2022ರ ಫೆಬ್ರವರಿ 5ರಂದು ಕರ್ನಾಟಕ ಸರ್ಕಾರ ಶಿಕ್ಷಣ ಕಾಯ್ದೆಯ 133ನೇ ಸೆಕ್ಷನ್ ಅಡಿಯಲ್ಲಿ ಸಮವಸ್ತ್ರದ ಬಗ್ಗೆ ಆದೇಶ ಹೊರಡಿಸಿತು. ಸರ್ಕಾರಿ ಪಿಯು ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಹೇಳಿದ ಸಮವಸ್ತ್ರ, ನಮ್ಮಂಥ ಖಾಸಗಿ ಸಂಸ್ಥೆಗಳಲ್ಲಿ ಆಡಳಿತ ಮಂಡಳಿ ಹೇಳಿದ್ದು. ಉಡುಪಿಯ ವಿದ್ಯಾರ್ಥಿನಿಯರು ಹೈಕೋರ್ಟಿಗೆ ಹೋದರು. ಮಾರ್ಚ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಗಳನ್ನು ತಿರಸ್ಕರಿಸಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು, ನ್ಯಾ. ಸುಧಾಂಶು ಧೂಲಿಯಾ ಅವನ್ನು ಎತ್ತಿಹಿಡಿದರು. ಇಬ್ಬರೂ ಕೇಳಿದ್ದು ಅದೇ ವಕೀಲರ ವಾದವನ್ನು, ಅದೇ ಕೋಣೆಯಲ್ಲಿ ಪಕ್ಕಪಕ್ಕ ಕುಳಿತು. ಇಬ್ಬರ ಮುಂದೆಯೂ ಇದ್ದದ್ದು ಅದೇ ಸಂವಿಧಾನ.

ದಾರಿ ಎಲ್ಲಿ ಒಡೆಯಿತು? ಮೊದಲನೆಯದು ‘ಯಾವ ಪ್ರಶ್ನೆ ಕೇಳಬೇಕು’ ಎಂಬಲ್ಲೇ. ಹೈಕೋರ್ಟ್ ಮುಖ್ಯವಾಗಿ ಕೇಳಿದ್ದು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯೇ ಎಂದು. ಅದಕ್ಕಾಗಿ ಕುರ್‌ಆನ್ ಮತ್ತು ಅದರ ವ್ಯಾಖ್ಯಾನವನ್ನು ನೋಡಿ, ಅಲ್ಲ ಎಂದಿತು. ‘ಅತ್ಯಗತ್ಯ’ ಎಂಬ ಪದ ಸಂವಿಧಾನದ 25ನೇ ವಿಧಿಯಲ್ಲಿ ಇಲ್ಲವೇ ಇಲ್ಲ. ಅದು ಕೋರ್ಟುಗಳೇ ಬೆಳೆಸಿದ ಅಳತೆಗೋಲು, ಅದರ ಮೂಲ ಸುಪ್ರೀಂ ಕೋರ್ಟಿನ 1954ರ ಶಿರೂರು ಮಠದ ತೀರ್ಪು. (ಆ ಮಠ ಇರುವುದೂ ಉಡುಪಿಯಲ್ಲೇ!) ಸುಪ್ರೀಂ ಕೋರ್ಟಿನಲ್ಲಿ ನ್ಯಾ. ಗುಪ್ತಾ ಅವರ ಗಮನ ಬೇರೆ ಕಡೆ ಹೋಯಿತು. ಆಚರಣೆ ಅತ್ಯಗತ್ಯವೇ ಆಗಿದ್ದರೂ, ಸರ್ಕಾರದ ಹಣದಲ್ಲಿ ನಡೆಯುವ ಜಾತ್ಯತೀತ ಶಾಲೆಯೊಳಗೆ ಅದನ್ನು ಒಯ್ಯಬಹುದೇ ಎಂಬುದು ಅವರ ಪ್ರಶ್ನೆ. ನ್ಯಾ. ಧೂಲಿಯಾ ಅವರು ಅತ್ಯಗತ್ಯ ಆಚರಣೆಯ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ, ಹೈಕೋರ್ಟ್ ಹಿಡಿದ ದಾರಿಯೇ ತಪ್ಪು ಎಂದರು. ಅವರಿಗೆ ಇದು ಹುಡುಗಿಯೊಬ್ಬಳ ಆಯ್ಕೆಯ ವಿಷಯ, ಅವಳ ಓದಿನ ವಿಷಯ. ಪ್ರಶ್ನೆ ಬದಲಾದ ಕೂಡಲೇ ಉತ್ತರದ ಅರ್ಧ ಭಾಗ ನಿರ್ಧಾರವಾಗಿಬಿಡುತ್ತದೆ. ಆದರೆ ಯಾವ ಪ್ರಶ್ನೆ ಕೇಳಬೇಕೆಂದು ಹೇಳುವ ಸೆಕ್ಷನ್ ಯಾವ ಕಾಯ್ದೆಯಲ್ಲೂ ಇಲ್ಲ.

ಎರಡನೆಯದು ಹಿಂದಿನ ಒಂದು ತೀರ್ಪು. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ರಾಷ್ಟ್ರಗೀತೆಯ ಸಮಯದಲ್ಲಿ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಹಾಡುವುದು ತಮ್ಮ ನಂಬಿಕೆಗೆ ವಿರುದ್ಧ ಎಂದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟು ಅವರನ್ನು ಮರಳಿ ಶಾಲೆಗೆ ಸೇರಿಸಲು ಹೇಳಿತು. ಇದು ಬಿಜೋ ಇಮ್ಯಾನುಯೆಲ್ ಕೇಸು. ಈಗ ಲೆವೆಲಿನ್ ಹೇಳಿದ್ದನ್ನು ನೆನಪಿಸಿಕೊಳ್ಳಿ. ಬಿಗಿಯಾಗಿ ಓದಿದರೆ ಅದು ರಾಷ್ಟ್ರಗೀತೆಯ ಕೇಸು; ಸುಮ್ಮನೆ ನಿಲ್ಲುವುದು ಬೇರೆ, ಸಮವಸ್ತ್ರದ ಜೊತೆಗೆ ಇನ್ನೊಂದು ಬಟ್ಟೆ ಧರಿಸುತ್ತೇನೆ ಎನ್ನುವುದು ಬೇರೆ. ನ್ಯಾ. ಗುಪ್ತಾ ಅದು ಈ ಕೇಸಿಗೆ ನೆರವಾಗದು ಎಂದು ಬದಿಗಿಟ್ಟರು. ಸಡಿಲವಾಗಿ ಓದಿದರೆ ಅದು ಪ್ರಾಮಾಣಿಕ ನಂಬಿಕೆಯಿಂದ, ಯಾರಿಗೂ ತೊಂದರೆ ಕೊಡದೆ ನಡೆದುಕೊಳ್ಳುವ ಮಕ್ಕಳನ್ನು ಶಾಲೆ ಸಹಿಸಿಕೊಳ್ಳಬೇಕು ಎಂಬ ತತ್ವ. ನ್ಯಾ. ಧೂಲಿಯಾ ಅವರಿಗೆ ಅದೇ ದಾರಿ ತೋರಿಸುವ ತೀರ್ಪಾಯಿತು. ಒಂದೇ ತೀರ್ಪು, ಒಬ್ಬರಿಗೆ ಸಂಬಂಧವೇ ಇಲ್ಲ, ಇನ್ನೊಬ್ಬರಿಗೆ ಅದೇ ಆಧಾರ. ಲೆವೆಲಿನ್ ತಮ್ಮ ತರಗತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕೇಳುತ್ತಿರಲಿಲ್ಲ.

ಮೂರನೆಯದು ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು. ಸ್ಕಾರ್ಫ್ ತೆಗೆಯಲು ಒಪ್ಪದೆ ಗೇಟಿನಿಂದ ಮನೆಗೆ ಮರಳುವ ಹುಡುಗಿ, ಇದು ಇಬ್ಬರೂ ಒಪ್ಪಿದ ಸಂಗತಿ. ಆದರೆ ಏನು ನಡೆಯಿತು ಎಂದು ಅದನ್ನು ಹೆಸರಿಸುವುದು? ನ್ಯಾ. ಗುಪ್ತಾ ಅವರ ಪ್ರಕಾರ ಸರ್ಕಾರ ಅವಳಿಗೆ ಶಿಕ್ಷಣ ನಿರಾಕರಿಸಲಿಲ್ಲ. ತರಗತಿಗೆ ಬಾರದಿರುವುದು ಅವಳದೇ ತೀರ್ಮಾನ. ನ್ಯಾ. ಧೂಲಿಯಾ ಅವರ ಪ್ರಕಾರ ಗೇಟಿನಲ್ಲಿ ಅದನ್ನು ತೆಗೆಸುವುದೇ ಅವಳ ಘನತೆಯ ಮೇಲೆ ಕೈಹಾಕಿದಂತೆ, ಅವಳಿಂದ ಓದನ್ನು ಕಸಿದಂತೆ. ಇಲ್ಲಿ ಕಾನೂನಿನ ಬಗ್ಗೆ ಮಾತ್ರವಲ್ಲ, ಸಂಗತಿಯ ಬಗ್ಗೆಯೂ ಇಬ್ಬರು ಬೇರೆ ಬೇರೆಯಾಗಿ ನೋಡಿದರು. ರಿಯಲಿಸ್ಟರು ಹೇಳುತ್ತಿದ್ದದ್ದೂ ಇದನ್ನೇ: ಸಂಗತಿಗೆ ಇಡುವ ಹೆಸರಿನಲ್ಲೇ ತೀರ್ಪಿನ ಬಹುಪಾಲು ಅಡಗಿರುತ್ತದೆ.

ಹಾಗಾದರೆ ಜಡ್ಜ್‌ಗಳು ತಮಗೆ ಇಷ್ಟ ಬಂದಂತೆ ಬರೆಯುತ್ತಾರೆ ಎಂದು ಮುಗಿಸಿಬಿಡಬಹುದೇ? ಚಹಾ ಅಂಗಡಿಯಲ್ಲಿ ಕೇಳುವ ‘ಅವರು ಯಾವ ಜನ ನೋಡು, ಗೊತ್ತಾಗುತ್ತೆ’ ಎಂಬ ಲೆಕ್ಕ ಇದೇ ಕೇಸಿನಲ್ಲಿ ತಪ್ಪಾಗುತ್ತದೆ. ಹೈಕೋರ್ಟಿನ ಮೂವರಲ್ಲಿ ಒಬ್ಬರು ನ್ಯಾ. ಜೈಬುನ್ನಿಸಾ ಮೊಹಿಯುದ್ದೀನ್ ಖಾಜಿ, ಮುಸ್ಲಿಂ ಮಹಿಳೆ. ಆ ತೀರ್ಪು ಸರ್ವಾನುಮತದ್ದು. ಪರವಾಗಿ ಬರೆದ ನ್ಯಾ. ಧೂಲಿಯಾ ಮುಸ್ಲಿಮರಲ್ಲ. ಜಡ್ಜ್‌ಗಳ ಒಲವು ಎಂದರೆ ಅವರ ಧರ್ಮ ಎಂದುಕೊಂಡವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಶಿಸ್ತು ಮೊದಲೋ ಆಯ್ಕೆ ಮೊದಲೋ, ಸಮಾನತೆ ಎಂದರೆ ಎಲ್ಲರೂ ಒಂದೇ ರೀತಿ ಕಾಣುವುದೋ ಬೇರೆ ಕಾಣುವವರಿಗೂ ಜಾಗ ಕೊಡುವುದೋ, ಇಂಥ ನಂಬಿಕೆಗಳು ಕೆಲಸ ಮಾಡುತ್ತವೆ. ಅವನ್ನು ಹೆಸರು ನೋಡಿ ಹೇಳಲಾಗದು, ಹಿಂದೆ ಬರೆದ ತೀರ್ಪುಗಳನ್ನು ಓದಿಯೇ ತಿಳಿಯಬೇಕು.

ನಿಯಮವೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. 1970ರ ದಶಕದ ಕೊನೆಯಲ್ಲಿ ರಿಯಲಿಸ್ಟರಿಗಿಂತ ಕಟುವಾಗಿ ಪ್ರಶ್ನಿಸಿದ ಕ್ರಿಟಿಕಲ್ ಲೀಗಲ್ ಸ್ಟಡೀಸ್ ಎಂಬ ಗುಂಪು ಬಂತು. ಕಾನೂನೂ ರಾಜಕೀಯವೇ ಎಂಬುದು ಅವರ ವಾದ. ಆದರೆ ಆ ಗುಂಪಿನ ಹಾರ್ವರ್ಡ್ ಪ್ರಾಧ್ಯಾಪಕ ಡಂಕನ್ ಕೆನಡಿ 1986ರ ಲೇಖನದಲ್ಲಿ ತಾವೇ ಜಡ್ಜ್ ಎಂದು ಕಲ್ಪಿಸಿಕೊಂಡರು. ಮುಷ್ಕರ ಹೂಡಿದ ಬಸ್ ಚಾಲಕರು ರಸ್ತೆಯಲ್ಲಿ ಮಲಗಿ, ಬದಲಿ ಚಾಲಕರು ಓಡಿಸುವ ಬಸ್ಸುಗಳನ್ನು ತಡೆದಿದ್ದಾರೆ, ಕಂಪನಿ ತಡೆಯಾಜ್ಞೆ ಕೇಳುತ್ತಿದೆ. ಜಡ್ಜ್ ಮನಸ್ಸು ಕಾರ್ಮಿಕರ ಪರ, ಆದರೆ ಕಾನೂನು ಕಂಪನಿಯ ಪರ ಇದ್ದಂತೆ ಕಾಣುತ್ತದೆ. ಕೆನಡಿ ಹೇಳುವುದು, ಬೇಕಾದ ಕಡೆಗೆ ಕಾನೂನನ್ನು ಬಾಗಿಸಲು ದುಡಿಯಬೇಕು. ಹಳೆಯ ತೀರ್ಪುಗಳನ್ನು ಹುಡುಕಬೇಕು, ವ್ಯತ್ಯಾಸ ತೋರಿಸಬೇಕು. ಕೆಲವೊಮ್ಮೆ ಅದು ಬಾಗುತ್ತದೆ, ಕೆಲವೊಮ್ಮೆ ಎಷ್ಟು ತಳ್ಳಿದರೂ ಬಾಗುವುದಿಲ್ಲ. ನನಗೆ ಇದು ಅತ್ಯಂತ ಪ್ರಾಮಾಣಿಕ ಉತ್ತರ ಅನಿಸಿತು.

ಬಾಗದ ಕಾನೂನಿಗೆ ನಾವು ಕಾಮರ್ಸ್‌ನವರು ದೂರ ಹೋಗಬೇಕಿಲ್ಲ. ಚೆಕ್ ಬೌನ್ಸ್ ಆದರೆ 138ನೇ ಸೆಕ್ಷನ್ ಅಡಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ. ನೋಟಿಸನ್ನು ನಲವತ್ತನೇ ದಿನ ಕಳಿಸಿದವನ ಮೇಲೆ ಜಡ್ಜ್‌ಗೆ ಎಷ್ಟೇ ಕನಿಕರ ಇದ್ದರೂ ಆ ನೋಟಿಸ್ ನಿಲ್ಲುವುದಿಲ್ಲ. ಇಂಥ ಕೇಸುಗಳಲ್ಲಿ ವಕೀಲರೇ ‘ಆಗಲ್ಲ’ ಎಂದು ಮನೆಗೆ ಕಳಿಸುತ್ತಾರೆ. ಸುಪ್ರೀಂ ಕೋರ್ಟ್ ತನಕ ಬರುವುದು ಹೆಚ್ಚಾಗಿ ದಾರಿ ಒಡೆದ ಕೇಸುಗಳು. ಅವನ್ನಷ್ಟೇ ಪತ್ರಿಕೆಯಲ್ಲಿ ಓದುವ ನಮಗೆ ಕಾನೂನು ಪೂರ್ತಿ ರಬ್ಬರ್ ಎಂದು ಅನಿಸುತ್ತದೆ.

ಹಿಜಾಬ್ ಕೇಸಿನಲ್ಲಿ ಇಬ್ಬರ ಮತ ಒಡೆದದ್ದರಿಂದ ಹೊಸ ಪೀಠ ರಚಿಸಲು ಕಡತವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು. ಅಂಥ ಪೀಠದ ತೀರ್ಪು ಕೈಗೆ ಬಂದರೆ ಕೊನೆಯ ಪುಟಕ್ಕೆ ಹಾರುವ ಮೊದಲು ಎರಡು ಜಾಗ ತೆರೆದು ನೋಡಿ: ಪೀಠ ತನಗೆ ತಾನೇ ಹಾಕಿಕೊಂಡ ಮೊದಲ ಪ್ರಶ್ನೆ ಯಾವುದು, ಮತ್ತು ಬಿಜೋ ಇಮ್ಯಾನುಯೆಲ್ ತೀರ್ಪನ್ನು ಬಿಗಿಯಾಗಿ ಓದಿದೆಯೋ ಸಡಿಲವಾಗಿಯೋ. ಕೊನೆಯ ಪುಟದಲ್ಲಿ ಏನಿರುತ್ತದೆಂದು ಆಗಲೇ ಬಹುಮಟ್ಟಿಗೆ ಊಹಿಸಬಹುದು.