ಬಾಡಿಗೆ ಎರಡು ಕಂತಿನಲ್ಲಿ: ಓನರ್‌ಗೆ ಕಳಿಸುವ ಮೆಸೇಜಿನಲ್ಲಿ ಏನಿರಬೇಕು?

‘ಸರ್, ಈ ಸಲ ಬಾಡಿಗೆ ಸ್ವಲ್ಪ ಲೇಟಾಗುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.’ ಬೆಂಗಳೂರಿನ ಮನೆ ಮಾಲೀಕರ ಫೋನಿಗೆ ಪ್ರತಿ ತಿಂಗಳ ಮೊದಲ ವಾರದಲ್ಲಿ ಇಂಥ ಸಂದೇಶಗಳು ಬರುತ್ತಲೇ ಇರುತ್ತವೆ. ಕಳಿಸಿದವರ ಮನಸ್ಸಿನಲ್ಲಿ ಮೋಸವಿರುವುದಿಲ್ಲ. ಆದರೆ ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಸ್ವಲ್ಪ ಅಂದರೆ ಎಷ್ಟು ದಿನ? ಪೂರ್ತಿ ಬಾಡಿಗೆಯೇ ತಡವೋ, ಅರ್ಧವೋ? ಮುಂದಿನ ತಿಂಗಳೂ ಇದೇ ಕಥೆಯೋ? ಉತ್ತರವಿಲ್ಲದ ಈ ಪ್ರಶ್ನೆಗಳೇ ಮುಂದೆ ದಿನಕ್ಕೆರಡು ಫೋನ್ ಕರೆಗಳಾಗಿ, ಮೆಟ್ಟಿಲ ಹತ್ತಿರದ ಬಿಗಿದ ಮುಖಗಳಾಗಿ ಬೆಳೆಯುತ್ತವೆ.

ದುಡ್ಡಿನ ಅಡಚಣೆ ಬಂದ ತಿಂಗಳಲ್ಲಿ ಬಾಡಿಗೆಯನ್ನು ಎರಡು ಭಾಗ ಮಾಡಿ, ಎರಡಕ್ಕೂ ತಾರೀಕು ಹಾಕಿ, ಮೊದಲೇ ಕೇಳಿಕೊಳ್ಳುವುದು ಇದಕ್ಕಿಂತ ಎಷ್ಟೋ ವಾಸಿ. ಕೇಳುವುದು ಸುಲಭ. ಉಳಿಸಿಕೊಳ್ಳಬಹುದಾದ ತಾರೀಕು ಹುಡುಕುವುದೇ ಕಷ್ಟ. ಹಾಗಾಗಿ ಮೆಸೇಜು ಬರೆಯುವ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಳ್ಳಬೇಕು.

ಒಂದು ಮನೆಯ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಾಡಿಗೆ 14,000 ರೂಪಾಯಿ, ನೀರಿಗೆ 300. ಅಗ್ರಿಮೆಂಟಿನ ಪ್ರಕಾರ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಕೊಡಬೇಕು. ಗಂಡನಿಗೆ ಆಫೀಸಿನಿಂದ 1ನೇ ತಾರೀಕು 22,000 ಬರುತ್ತದೆ. ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಾರೆ. ಅವರ ಸಂಬಳ 13,000, ಬರುವುದು ಸಾಮಾನ್ಯವಾಗಿ 7ಕ್ಕೆ, ಒಮ್ಮೊಮ್ಮೆ 9 ಅಥವಾ 10 ಆಗುತ್ತದೆ. ಜೂನ್ ಕೊನೆಯಲ್ಲಿ ಮಗಳಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಬಾಡಿಗೆಗೆಂದು ಎತ್ತಿಟ್ಟಿದ್ದ 9,000 ಅಲ್ಲೇ ಖರ್ಚಾಯಿತು.

ಈಗ ಜುಲೈ 1ಕ್ಕೆ ಬರುವ 22,000 ಮಾತ್ರ ಕೈಯಲ್ಲಿ. ಬೈಕ್ ಸಾಲದ ಕಂತು 3,200 ಬ್ಯಾಂಕಿನವರೇ ಕತ್ತರಿಸಿಕೊಳ್ಳುತ್ತಾರೆ, ಅದನ್ನು ಮುಟ್ಟುವಂತಿಲ್ಲ. ಶಾಲೆಯ ಫೀಸಿನ ಕಂತು 4,800 ಈ ತಿಂಗಳಿಗೆ ಮಾತ್ರ. ಮುಂದಿನ ಸಂಬಳ ಬರುವವರೆಗೆ ದಿನಸಿ, ತರಕಾರಿ, ಹಾಲು, ಬಸ್ ಖರ್ಚು, ಔಷಧಿ ಎಲ್ಲ ಸೇರಿ 5,000 ಬೇಕು. ಉಳಿಯುವುದು 9,000. ಇದನ್ನು ಪೂರ್ತಿ ಓನರ್‌ಗೆ ಕೊಟ್ಟುಬಿಟ್ಟರೆ ಮಗುವಿಗೆ ಮತ್ತೊಮ್ಮೆ ಡಾಕ್ಟರ ಬಳಿ ಹೋಗಲೂ ಕಾಸಿರುವುದಿಲ್ಲ. ಬಾಡಿಗೆಯಲ್ಲಿ 8,000, ನೀರಿನ 300 ಕೊಟ್ಟು 700 ಕೈಯಲ್ಲಿಟ್ಟುಕೊಂಡರೆ ಸರಿಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಬಾಡಿಗೆ ಗಡುವಿಗೆ ಮೊದಲೇ ಕೈಸೇರಿದರೆ ಓನರ್ ಮನಸ್ಸೂ ಹಗುರಾಗುತ್ತದೆ. ಮೊದಲ ಕಂತು ದೊಡ್ಡದಿರಬೇಕು ಎನ್ನುವುದು ಇದಕ್ಕೇ.

ಉಳಿದ 6,000 ಯಾವಾಗ? ಹೆಚ್ಚಿನವರು ತಪ್ಪುವುದು ಇಲ್ಲೇ. ಸಂಬಳ 7ಕ್ಕೆ ಬರುತ್ತದಲ್ಲ ಎಂದು 7ನೇ ತಾರೀಕನ್ನೇ ಬರೆದುಬಿಡುತ್ತಾರೆ. ಕಾರ್ಖಾನೆಯಲ್ಲಿ ಎರಡು ದಿನ ತಡವಾದರೆ ಕೊಟ್ಟ ಮಾತು ತಪ್ಪಿತು, ಆಮೇಲೆ ಹೇಳುವ ಯಾವ ತಾರೀಕಿಗೂ ಬೆಲೆಯಿಲ್ಲ. ಕಳೆದ ಐದಾರು ತಿಂಗಳ ಪಾಸ್‌ಬುಕ್ ಅಥವಾ ಬ್ಯಾಂಕಿನ ಎಸ್‌ಎಂಎಸ್ ತೆಗೆದು ಸಂಬಳ ಅತ್ಯಂತ ತಡವಾಗಿ ಬಂದದ್ದು ಯಾವತ್ತು ಎಂದು ನೋಡಬೇಕು. ಅದು 10 ಆಗಿದ್ದರೆ ಮೆಸೇಜಿನಲ್ಲಿ 11 ಎಂದು ಬರೆಯಬೇಕು. 7ಕ್ಕೇ ದುಡ್ಡು ಬಂದರೆ ಅಂದೇ ಹಾಕಿದರಾಯಿತು, ಬೇಗ ಕೊಟ್ಟವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಯಾರೋ ಕೊಡಬೇಕಾದ ಕೈಸಾಲ, ಇನ್ನೂ ಎತ್ತದ ಚೀಟಿ, ಬರಬೇಕಾದ ವಿಮೆ ಹಣ ಇಂಥವನ್ನು ನಂಬಿ ತಾರೀಕು ಕೊಡಲೇಬಾರದು.

ಇನ್ನೊಂದು ಲೆಕ್ಕ ಉಳಿದಿದೆ. ಆಗಸ್ಟ್ ಬಾಡಿಗೆಯ ಗತಿ ಏನು? ಹೆಂಡತಿಯ 13,000ದಲ್ಲಿ 6,000 ಓನರ್‌ಗೆ ಹೋದರೆ ಉಳಿಯುವುದು 7,000, ಕೈಯಲ್ಲಿದ್ದ 700 ಬೇರೆ. ತಿಂಗಳ ಕೊನೆಯವರೆಗಿನ ಖರ್ಚು 5,000 ಕಳೆದರೆ 2,700 ಮಿಗುತ್ತದೆ. ಆಗಸ್ಟ್ 1ಕ್ಕೆ ಮತ್ತೆ 22,000 ಬರುತ್ತದೆ, ಶಾಲೆಯ ಕಂತಿಲ್ಲ. ಬೈಕಿನ ಕಂತು, ಮನೆಖರ್ಚು ತೆಗೆದರೂ ಎಲ್ಲ ಸೇರಿ 16,500 ಇರುತ್ತದೆ. ನೀರು ಸೇರಿ 14,300 ಕೊಡಬಹುದು. ಹೀಗೆ ಸರಿಹೊಂದಿದರೆ ಮಾತ್ರ ಎರಡು ಕಂತಿನ ದಾರಿ ಉಪಯೋಗಕ್ಕೆ ಬರುತ್ತದೆ. ಆಗಸ್ಟ್‌ನಲ್ಲೂ ಕೊರತೆ ಕಾಣುತ್ತಿದ್ದರೆ ಅಡಚಣೆ ಒಂದು ತಿಂಗಳದ್ದಲ್ಲ. ಆಗ ಗಡುವನ್ನೇ 12ಕ್ಕೆ ಬದಲಿಸಿಕೊಡಿ ಎಂದು ಕೇಳುವುದೋ, ಕಡಿಮೆ ಬಾಡಿಗೆಯ ಮನೆ ನೋಡುವುದೋ ಪ್ರಾಮಾಣಿಕವಾದ ದಾರಿ.

ಲೆಕ್ಕ ಮುಗಿದ ಮೇಲೆ ಮೆಸೇಜು ತಾನಾಗಿ ಬರುತ್ತದೆ. ಕಳಿಸಬೇಕಾದದ್ದು ಗಡುವಿಗೆ ಐದಾರು ದಿನ ಮೊದಲು, ಅಂದರೆ ಜೂನ್ 29ರ ಸುಮಾರಿಗೆ:

‘ನಮಸ್ಕಾರ ಸರ್, ಮೊದಲನೇ ಮಹಡಿಯಿಂದ. ಹೋದ ವಾರ ಮಗಳನ್ನ ಆಸ್ಪತ್ರೆಗೆ ಸೇರಿಸಬೇಕಾಯ್ತು, ಬಾಡಿಗೆಗೆ ಇಟ್ಟಿದ್ದ ದುಡ್ಡಲ್ಲಿ ಸ್ವಲ್ಪ ಖರ್ಚಾಯ್ತು. ಈಗ ಹುಷಾರಾಗಿದ್ದಾಳೆ. ಜುಲೈ ತಿಂಗಳ ಬಾಡಿಗೆ 14,000 ರೂಪಾಯಿನ ಎರಡು ಸಲ ಕೊಡಬಹುದಾ ಸರ್? ಜುಲೈ 3, ಶುಕ್ರವಾರ 8,000. ಜುಲೈ 11, ಶನಿವಾರ 6,000. ನೀರಿನ 300 ಮೂರನೇ ತಾರೀಕೇ ಸೇರಿಸಿ ಹಾಕ್ತೀನಿ. ಆಗಸ್ಟ್ ಬಾಡಿಗೆ ಎಂದಿನ ಹಾಗೆ 5ರೊಳಗೆ ಪೂರ್ತಿ ಕೊಡ್ತೀನಿ. ನಿಮಗೆ ಒಪ್ಪಿಗೆನಾ ಅಂತ ಒಂದು ಮಾತು ತಿಳಿಸಿ.’

ಇಷ್ಟೇ ಸಾಕು. ಆಸ್ಪತ್ರೆಯ ಬಿಲ್ಲಿನ ಫೋಟೋ ಬೇಡ, ಕಷ್ಟದ ವಿವರ ಎರಡು ಪುಟ ಬೇಡ. ಕಾರಣ ಒಂದು ಸಾಲಿನಲ್ಲಿ ಮುಗಿಯಲಿ. ಯಾವ ತಿಂಗಳ ಬಾಡಿಗೆ ಎಂದು ಹೆಸರು ಹಿಡಿದು ಬರೆಯುವುದು ಮಾತ್ರ ಬಹಳ ಮುಖ್ಯ. ಕೆಲವು ಮನೆಗಳಲ್ಲಿ ಜುಲೈ 5ಕ್ಕೆ ಕೊಡುವುದು ಜುಲೈ ಬಾಡಿಗೆ, ಇನ್ನು ಕೆಲವೆಡೆ ಅದು ಕಳೆದ ಜೂನ್ ತಿಂಗಳದ್ದು. ಮನೆ ಖಾಲಿ ಮಾಡುವ ದಿನ ಇದೇ ಗೊಂದಲದಿಂದ ಒಂದು ತಿಂಗಳ ಬಾಡಿಗೆಯ ಜಗಳ ಹುಟ್ಟುತ್ತದೆ. ‘ಬೇಕಿದ್ರೆ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ’ ಎಂಬ ಮಾತನ್ನೂ ಸೇರಿಸಬಾರದು. ಮನೆಗೆ ಆಗುವ ಹಾನಿಗೆ, ಬಣ್ಣಕ್ಕೆ, ಬಾಕಿ ಬಿಲ್ಲಿಗೆ ಭದ್ರತೆಯಾಗಿ ಇಟ್ಟುಕೊಂಡ ಹಣವದು. ಅದನ್ನು ಎತ್ತಿದ ಕೂಡಲೇ ‘ಇವರು ಮನೆ ಬಿಡುವ ಯೋಚನೆಯಲ್ಲಿದ್ದಾರೆ’ ಎಂದೇ ಓನರ್ ತಿಳಿಯುತ್ತಾರೆ.

ಓನರ್ ‘ಆಯ್ತು’ ಎಂದು ಉತ್ತರಿಸಿದರೆ ಆ ಒಂದು ಪದಕ್ಕೆ ಕಾನೂನಿನ ಬಲವೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಮು, ಹಣ ಪಡೆಯಬೇಕಾದವರು ಅದನ್ನು ಕೊಡುವ ಗಡುವನ್ನು ವಿಸ್ತರಿಸಬಹುದು ಎನ್ನುತ್ತದೆ. ಅದಕ್ಕೆ ಹೊಸ ಅಗ್ರಿಮೆಂಟ್ ಬೇಕಿಲ್ಲ. ಆದರೆ ಮೌನ ಒಪ್ಪಿಗೆಯಲ್ಲ. ಮೆಸೇಜು ಓದಿ ಸುಮ್ಮನಿದ್ದರೆ ಮಾರನೇ ದಿನ ಫೋನ್ ಮಾಡಬೇಕು. ಫೋನಿನಲ್ಲಿ ಒಪ್ಪಿದರೆ ‘ಈಗ ಮಾತಾಡಿದ ಹಾಗೆ ಜುಲೈ 3ಕ್ಕೆ 8,000, 11ಕ್ಕೆ 6,000 ಹಾಕ್ತೀನಿ ಸರ್’ ಎಂದು ಬರಹದಲ್ಲಿ ಕಳಿಸಿಡಬೇಕು. ತಡವಾದರೆ ದಿನಕ್ಕಿಷ್ಟು ದಂಡ ಎಂದು ಅಗ್ರಿಮೆಂಟಿನಲ್ಲಿದ್ದರೆ, ಈ ತಿಂಗಳು ಅದು ಬೇಡವೆಂದು ಅದೇ ಮೆಸೇಜಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಒಪ್ಪಲೇಬೇಕೆಂದು ಓನರ್‌ಗೆ ಕಟ್ಟುಪಾಡಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಆ ಮೊತ್ತಕ್ಕೆ ಊರಿನಲ್ಲಿ ಒಂದು ಕೋಣೆಯೂ ಸಿಗುವುದು ಕಷ್ಟ. ಹಾಗಾಗಿ ಬಹುಪಾಲು ಬಾಡಿಗೆದಾರರಿಗೆ ಅಗ್ರಿಮೆಂಟಿನ ಮಾತೇ ಅಂತಿಮ. ಜೊತೆಗೆ ಓನರ್ ತಲೆಯ ಮೇಲೂ ಸಾಲವಿರಬಹುದು. ಆ ಮನೆಯದೇ ಗೃಹಸಾಲದ ಕಂತು 5ಕ್ಕೋ 10ಕ್ಕೋ ಅವರ ಖಾತೆಯಿಂದ ಹೋಗುತ್ತಿರುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕು ಅವರಿಗೂ ದಂಡ ಹಾಕುತ್ತದೆ. ‘5ಕ್ಕೆ ಹತ್ತು ಸಾವಿರ ಹಾಕಿ, ಉಳಿದದ್ದು ನೋಡೋಣ’ ಎಂದು ಅವರು ಕೇಳಿದರೆ ಕಾರಣ ಸಾಮಾನ್ಯವಾಗಿ ಅದೇ. ಆಗ ಮತ್ತೆ ಲೆಕ್ಕದ ಹಾಳೆಗೆ ಹೋಗಿ, ಆಗುವಷ್ಟನ್ನೇ ಹೇಳಬೇಕು. ‘ಹತ್ತು ಆಗಲ್ಲ ಸರ್, 5ನೇ ತಾರೀಕು ಇನ್ನೊಂದು 500 ಸೇರಿಸ್ತೀನಿ’ ಎನ್ನುವುದರಲ್ಲಿ ಸಂಕೋಚವೇನೂ ಇಲ್ಲ.

ದುಡ್ಡು ಹಾಕುವಾಗ ಇನ್ನೊಂದು ಎಚ್ಚರ ಬೇಕು. ಯುಪಿಐ ಆ್ಯಪ್‌ನಲ್ಲಿ ಮೊತ್ತದ ಕೆಳಗೆ ಟಿಪ್ಪಣಿ ಬರೆಯಲು ಸಣ್ಣ ಜಾಗವಿರುತ್ತದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಹಳೆಯ ಕರೆಂಟ್ ಬಿಲ್ಲೋ ಮೋಟಾರ್ ರಿಪೇರಿಯ ಪಾಲೋ 1,200 ಬಾಕಿಯಿದೆ ಎಂದುಕೊಳ್ಳಿ. 11ನೇ ತಾರೀಕು ಏನೂ ಬರೆಯದೆ 6,000 ಕಳಿಸಿದರೆ, ಓನರ್ ಅದರಲ್ಲಿ 1,200ನ್ನು ಹಳೆ ಬಾಕಿಗೆ ಹಾಕಿಕೊಂಡು ‘ಜುಲೈ ಬಾಡಿಗೆ ಇನ್ನೂ 1,200 ಬರಬೇಕು’ ಎನ್ನಬಹುದು. ಹೀಗೆ ಹೊಂದಿಸಿಕೊಳ್ಳಲು ಕರಾರು ಕಾಯ್ದೆಯ 60ನೇ ಕಲಮು ಅವಕಾಶ ಕೊಡುತ್ತದೆ. ಇಂಥದ್ದಕ್ಕೇ ಈ ಹಣ ಎಂದು ಕೊಡುವವರು ಸ್ಪಷ್ಟವಾಗಿ ತಿಳಿಸಿದ್ದರೆ, 59ನೇ ಕಲಮಿನ ಪ್ರಕಾರ ಒಪ್ಪಿಕೊಂಡ ಹಣವನ್ನು ಅದಕ್ಕೇ ಜಮಾ ಮಾಡಬೇಕು. ಹಾಗಾಗಿ ಮೊದಲ ಸಲ ‘ಜುಲೈ ಬಾಡಿಗೆ 1ನೇ ಕಂತು, ನೀರು ಸೇರಿ’, ಎರಡನೇ ಸಲ ‘ಜುಲೈ ಬಾಡಿಗೆ 2ನೇ ಕಂತು, ಪೂರ್ತಿ’ ಎಂದು ಬರೆಯಬೇಕು. ಜುಲೈ 11 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಯುಪಿಐಗೆ ಅದು ಅಡ್ಡಿಯಲ್ಲ, ಚೆಕ್ ಕೊಡುವವರಿಗೆ ಅಡ್ಡಿ. ನಗದು ಕೊಡುವವರು ಪ್ರತಿ ಸಲವೂ ರಸೀದಿ ಕೇಳಿ ಪಡೆಯಬೇಕು.

ಇಷ್ಟೆಲ್ಲ ಮಾಡಿದರೂ 9ನೇ ತಾರೀಕಿಗೆ ಸಂಬಳದ ಸುಳಿವಿಲ್ಲ ಅನ್ನಿ. ಆವತ್ತೇ ತಿಳಿಸಬೇಕು, 11ರ ರಾತ್ರಿಯವರೆಗೆ ಕಾಯಬಾರದು. ‘ಕಾರ್ಖಾನೆಯಲ್ಲಿ ಸಂಬಳ 13ಕ್ಕೆ ಅಂತ ಬೋರ್ಡ್ ಹಾಕಿದ್ದಾರೆ ಸರ್. 11ಕ್ಕೆ 1,000 ಹಾಕ್ತೀನಿ, ಉಳಿದ 5,000 ಜುಲೈ 14, ಮಂಗಳವಾರ’ ಎಂದು ಹೇಳಿ, ಹೇಳಿದ ಸಾವಿರವನ್ನು 11ಕ್ಕೆ ಹಾಕಲೇಬೇಕು. ತಾರೀಕು ಒಮ್ಮೆ ಬದಲಾದರೆ ಓನರ್ ಸಹಿಸಿಕೊಳ್ಳುತ್ತಾರೆ. ಎರಡನೇ ಸಲ ಬದಲಾಯಿಸುವ ಪ್ರಸಂಗ ಬರುವಂತಿದ್ದರೆ ಸಂಬಂಧಿಕರಲ್ಲೋ ಸ್ನೇಹಿತರಲ್ಲೋ ಕೈಸಾಲ ಪಡೆದು ಬಾಡಿಗೆ ತೀರಿಸುವುದೇ ಮೇಲು.

ಇದನ್ನು ಓದುತ್ತಿರುವ ಓನರ್‌ಗಳಲ್ಲಿ ಒಂದು ಕೋರಿಕೆ. ಇಂಥ ಮೆಸೇಜು ಬಂದರೆ ಆವತ್ತೇ ಉತ್ತರ ಕೊಡಿ. ಆಗದಿದ್ದರೆ ಆಗದು ಅನ್ನಿ, 5ರೊಳಗೆ ನಿಮಗೆ ಕನಿಷ್ಠ ಎಷ್ಟು ಬೇಕು ಎನ್ನುವುದನ್ನೂ ಹೇಳಿ. ಜೂನ್ 29ಕ್ಕೇ ಗೊತ್ತಾದರೆ ಆ ಕುಟುಂಬಕ್ಕೆ ಹಣ ಹೊಂದಿಸಲು ಇನ್ನೂ ಆರು ದಿನ ಸಿಗುತ್ತದೆ.