ಎಪ್ಪತ್ತರ ಹತ್ತಿರ ಬೀಡಿ ಬಿಟ್ಟರೆ ಏನು ಸಿಗುತ್ತದೆ?

"ಇಷ್ಟು ವರ್ಷ ಸೇದಿದ್ದಾಯ್ತು, ಇನ್ನು ಬಿಟ್ಟು ಯಾವ ಸುಖ?" ನಮ್ಮ ಕಾರವಾರ, ಅಂಕೋಲಾ ಕಡೆ ಅರವತ್ತು ದಾಟಿದ ಬೀಡಿ ಪ್ರಿಯರ ಬಾಯಲ್ಲಿ ಬರುವ ಮೊದಲ ಮಾತೇ ಇದು. ಮನೆಯ ಹೆಂಗಸರೂ 'ಹೋಗಲಿ ಬಿಡಿ, ಮುದುಕರು' ಎಂದು ಸುಮ್ಮನಾಗುತ್ತಾರೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಅರವತ್ತರಲ್ಲಿ ಸಿಗರೇಟು ಬಿಟ್ಟವರಿಗೆ, ಬಿಡದೇ ಇದ್ದವರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಆಯುಷ್ಯ ಸಿಕ್ಕಿತ್ತು ಎಂದು ಅದರ 2004ರ ವರದಿ ಹೇಳಿತು. 2024ರಲ್ಲಿ ಅಮೆರಿಕದವರು ಮಾಡಿದ ಲೆಕ್ಕ ಇನ್ನೂ ಮುಂದಕ್ಕೆ ಹೋಗಿ ನೋಡಿದೆ. 65ಕ್ಕೆ ಬಿಟ್ಟರೆ ಸರಾಸರಿ ಒಂದೂಮುಕ್ಕಾಲು ವರ್ಷದಷ್ಟು, 75ಕ್ಕೆ ಬಿಟ್ಟರೆ ಎಂಟು ತಿಂಗಳಷ್ಟು ಲಾಭ. 'ಅಷ್ಟೇನಾ?' ಅನಿಸಬಹುದು. ಸರಾಸರಿ ಎಂದರೆ ಎಲ್ಲರಿಗೂ ಸಮನಾಗಿ ಹಂಚಿದ್ದಲ್ಲ. 65ಕ್ಕೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು 23 ಜನರಿಗೆ ಕನಿಷ್ಠ ಒಂದು ವರ್ಷವಾದರೂ ಹೆಚ್ಚು ಸಿಗುತ್ತದೆ, 75ಕ್ಕೆ ಬಿಟ್ಟವರಲ್ಲಿ ಸುಮಾರು 14 ಜನರಿಗೆ. ಆ ಗುಂಪಿನಲ್ಲಿ ನಮ್ಮ ಮನೆಯವರು ಇರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಹಿರಿಯರಿಗೆ ವರ್ಷಕ್ಕಿಂತ ಮುಖ್ಯವಾದದ್ದು ಉಸಿರು. ಅಂಕೋಲೆಯಲ್ಲಿರುವ ನಮ್ಮ ಮಾವನವರು 69ನೇ ವಯಸ್ಸಿನಲ್ಲಿ ಬೀಡಿ ಬಿಟ್ಟ ಕಥೆಯನ್ನೇ ಹೇಳುತ್ತೇನೆ, ಏಕೆಂದರೆ ನಡುವೆ ಆದ ಒಂದು ಸಂಗತಿ ನಿಮಗೆಲ್ಲ ಗೊತ್ತಿರಬೇಕಾದದ್ದು.

ದಿನಕ್ಕೆ ಒಂದು ಕಟ್ಟು ಬೀಡಿ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಒಂದು. ಮೀನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕು. ಕಾರವಾರದ ಎದೆರೋಗದ ವೈದ್ಯರು ಕೊಳವೆಗೆ ಊದಿಸುವ ಪರೀಕ್ಷೆ ಮಾಡಿಸಿ ನೇರವಾಗಿಯೇ ಹೇಳಿದರು: "ಹೋದ ಶ್ವಾಸಕೋಶ ವಾಪಸು ಬರೋದಿಲ್ಲ. ಆದ್ರೆ ಸೇದುವವರ ಉಸಿರಿನ ಶಕ್ತಿ ಬೇಗ ಬೇಗ ಇಳೀತದೆ. ಬಿಟ್ರೆ ಆ ಇಳಿಯೋದು ನಿಧಾನ ಆಗ್ತದೆ, ಸೇದದೇ ಇರೋರಿಗೆ ವಯಸ್ಸಾದಂತೆ ಇಳಿಯುವಷ್ಟೇ." ಇದು ಸಣ್ಣ ಮಾತಲ್ಲ. ಎಂಬತ್ತಕ್ಕೆ ತಾನೇ ಎದ್ದು ಬಚ್ಚಲಿಗೆ ಹೋಗುವುದಕ್ಕೂ, ಹಾಸಿಗೆ ಪಕ್ಕ ಆಮ್ಲಜನಕದ ಸಿಲಿಂಡರ್ ಇಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಂದಲೇ ಶುರುವಾಗಬಹುದು.

ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕು ಎಂದರೆ ದೇಹ ನಿಕೋಟಿನ್‌ಗೆ ಚೆನ್ನಾಗಿ ಒಗ್ಗಿಹೋಗಿದೆ ಎಂದೇ ಅರ್ಥ. ಅಂಥವರಿಗೆ ಬರೀ ಮನಸ್ಸು ಗಟ್ಟಿ ಮಾಡಿ ಎಂದರೆ ಸಾಲದು. ವೈದ್ಯರು ಮೊದಲು ನಿಕೋಟಿನ್ ಚೂಯಿಂಗ್ ಗಮ್ ಕೊಟ್ಟರು. ಅದನ್ನು ಮಕ್ಕಳ ಗಮ್ ಹಾಗೆ ಜಗಿಯಬಾರದು. ನಾಲ್ಕಾರು ಸಲ ಜಗಿದು, ಖಾರ ಬಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಜೊತೆಗೆ ಕಾಫಿ, ಲಿಂಬು ಶರಬತ್ತು ಕುಡಿದರೆ ಅದು ಹಿಡಿಯುವುದೇ ಇಲ್ಲ. ಮಾವನವರದ್ದು ಕಟ್ಟಿಸಿದ ಹಲ್ಲು. ಗಮ್ ಹಲ್ಲಿನ ಸೆಟ್ಟಿಗೇ ಅಂಟಿಕೊಂಡು ಮೂರೇ ದಿನಕ್ಕೆ ಬೇಸರ ಬಂತು. ಆಗ ತೋಳಿಗೆ ಹಚ್ಚುವ ನಿಕೋಟಿನ್ ಪಟ್ಟಿ ಬಂತು. ನಮ್ಮ ಕರಾವಳಿಯ ಬೆವರಿಗೆ ಅದು ಕಿತ್ತು ಬರುತ್ತದೆ. ಹಾಗಾಗಿ ಸ್ನಾನ ಮಾಡಿ, ಟವೆಲಿನಿಂದ ತೋಳನ್ನು ಪೂರ್ತಿ ಒಣಗಿಸಿ, ಎಣ್ಣೆ ಪೌಡರ್ ಏನೂ ತಾಗಿಸದೆ ಹಚ್ಚಿ ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ದಿನಾ ಜಾಗ ಬದಲಿಸಬೇಕು. ರಾತ್ರಿ ಚಿತ್ರವಿಚಿತ್ರ ಕನಸು ಬಿದ್ದರೆ ಮಲಗುವಾಗ ತೆಗೆಯಬಹುದು ಎಂದಿದ್ದರು, ನಾವು ತೆಗೆದೆವು. ಬಲ ಕಡಿಮೆ ಮಾಡುತ್ತಾ ಎರಡೂವರೆ ತಿಂಗಳು ಹಚ್ಚಿದ್ದಾಯ್ತು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ.

ಮೊದಲ ವಾರ ಸಿಟ್ಟು, ಮಲಬದ್ಧತೆ, ಅಡುಗೆ ಮನೆಯ ಡಬ್ಬಿಗಳ ತಲಾಶು. ಅದೆಲ್ಲ ನಿರೀಕ್ಷಿಸಿದ್ದೇ. ಹತ್ತನೇ ದಿನದ ಹೊತ್ತಿಗೆ ಮಾತ್ರ ಹೊಸದೊಂದು ಶುರುವಾಯಿತು. ಕೈ ಸಣ್ಣಗೆ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಊಟ ಕಂಡರೆ ವಾಕರಿಕೆ, ರಾತ್ರಿಯೆಲ್ಲ ನಿದ್ದೆಯಿಲ್ಲ. ನೋಡಲು ಬಂದ ನೆಂಟರೆಲ್ಲ ಒಂದೇ ಮಾತು: "ಹಳೇ ದೇಹ, ತಡೀತಿಲ್ಲ, ದಿನಕ್ಕೆ ಎರಡು ಬೀಡಿ ಕೊಡಿ."

ಕಾರಣ ಬೀಡಿ ತಪ್ಪಿದ್ದಲ್ಲ, ಮಾತ್ರೆ ಹೆಚ್ಚಾದದ್ದು! ಮಾವನವರು ಗೂರಲಿಗೆಂದು ಹಲವು ವರ್ಷಗಳಿಂದ ಥಿಯೋಫಿಲಿನ್ ಜಾತಿಯ ಮಾತ್ರೆ ನುಂಗುತ್ತಿದ್ದರು. ಡೆರಿಫಿಲಿನ್ ಎಂದರೆ ನಿಮಗೆ ಬೇಗ ಗೊತ್ತಾಗಬಹುದು. ಹೊಗೆಯಲ್ಲಿರುವ ಟಾರು ಯಕೃತ್ತನ್ನು ಚುರುಕು ಮಾಡುತ್ತದೆಯಂತೆ. ಸೇದುವವರ ದೇಹ ಈ ಔಷಧವನ್ನು ಬೇಗ ಕರಗಿಸಿ ಹೊರಹಾಕುತ್ತದೆ, ಅದಕ್ಕೇ ಅವರಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಹೊಗೆ ನಿಂತ ವಾರದೊಳಗೆ ಆ ಚುರುಕು ಇಳಿಯುತ್ತದೆ. ಮಾತ್ರೆ ಅಷ್ಟೇ, ಆದರೆ ರಕ್ತದಲ್ಲಿ ಉಳಿಯುವುದು ಜಾಸ್ತಿ. ಪಟ್ಟಿಯಲ್ಲಿರುವುದು ನಿಕೋಟಿನ್ ಮಾತ್ರ, ಟಾರಲ್ಲ, ಆದ್ದರಿಂದ ಪಟ್ಟಿ ಇದನ್ನು ತಡೆಯುವುದಿಲ್ಲ. ವೈದ್ಯರು ಮಾತ್ರೆಯ ಪ್ರಮಾಣ ಇಳಿಸಿದರು, ನಾಲ್ಕು ದಿನದಲ್ಲಿ ನಡುಕ ನಿಂತಿತು. ನಾವೇ ಮಾತ್ರೆ ಕಡಿಮೆ ಮಾಡಿದ್ದರೆ ಗೂರಲು ಏರುತ್ತಿತ್ತೇನೋ! ಹಾಗಾಗಿ ಬೀಡಿ ಬಿಡುವ ದಿನ ಗೊತ್ತು ಮಾಡುವ ಮೊದಲೇ ಮನೆಯಲ್ಲಿರುವ ಎಲ್ಲ ಮಾತ್ರೆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಇನ್ಸುಲಿನ್ ತೆಗೆದುಕೊಳ್ಳುವವರೂ ಹೇಳಬೇಕು, ಬಿಟ್ಟ ಮೇಲೆ ಅವರ ಸಕ್ಕರೆಯಲ್ಲೂ ವ್ಯತ್ಯಾಸ ಬರಬಹುದು.

ಕಾಫಿಯದ್ದೂ ಇದೇ ಲೆಕ್ಕ. ಹೊಗೆ ನಿಂತರೆ ಕಾಫಿಯ ಸತ್ವ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರಿಗೆ ಎಂಟು ಲೋಟ ಕುಡಿದ ಹಾಗೆ ಆಗಬಹುದು. 'ಬೀಡಿ ಬಿಟ್ಟು ನಿದ್ದೆ ಹೋಯ್ತು' ಎನ್ನುವವರಲ್ಲಿ ಎಷ್ಟು ಜನರದ್ದು ಈ ಕಾಫಿ ನಿದ್ದೆಗೇಡೋ! ನಮ್ಮಲ್ಲಿ ಲೋಟ ಅಷ್ಟೇ ಇಟ್ಟು, ಡಿಕಾಕ್ಷನ್ ಅರ್ಧ ಮಾಡಿದೆ. ಮಾವನವರು ಮೊದಲ ದಿನವೇ ಕಂಡುಹಿಡಿದರು, ಆದರೂ ಕುಡಿದರು.

ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು, ಕಫ ಹೆಚ್ಚಾಗುತ್ತದೆ. ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸ ಶುರು ಮಾಡಿ ಹಳೆಯ ಕೊಳೆ ಮೇಲಕ್ಕೆ ತಳ್ಳುವುದರಿಂದ ಹಾಗಾಗುತ್ತದೆ. ಆದರೆ ಕಫದಲ್ಲಿ ರಕ್ತ ಕಂಡರೆ, ಮೂರು ವಾರ ಕಳೆದರೂ ದನಿ ಒಡಕಾಗಿಯೇ ಇದ್ದರೆ, ತೂಕ ಇಳಿಯುತ್ತಿದ್ದರೆ ಅದು ಕೊಳೆ ಹೋಗುತ್ತಿರುವುದಲ್ಲ, ಎಕ್ಸ್‌ರೇ ಆಗಲೇಬೇಕು.

ನಾಲ್ಕನೇ ತಿಂಗಳಿಗೆ ಮತ್ತೆ ಊದಿಸಿದಾಗ ಅಂಕಿ ಹೆಚ್ಚೇನೂ ಏರಿರಲಿಲ್ಲ. ಮೀನು ಪೇಟೆಯ ದಾರಿಯಲ್ಲಿ ಮಾತ್ರ ಎರಡರ ಬದಲು ಒಂದೇ ಕಡೆ ನಿಲ್ಲುತ್ತಿದ್ದರು. ಬಂಗುಡೆ ಹಳತೋ ತಾಜಾವೋ ಎಂದು ಮೂಸಿ ಹೇಳುವಷ್ಟು ಮೂಗೂ ಬಂದಿತ್ತು. ಮಾರುವವಳಿಗೆ ಅದೊಂದು ತಲೆನೋವು!

ಇನ್ನು ಅತ್ತೆಯಂದಿರ ಕವಳ. ಅದರಲ್ಲಿ ಹೊಗೆ ಇಲ್ಲ, ಆದ್ದರಿಂದ ಮೇಲೆ ಹೇಳಿದ ಮಾತ್ರೆಯ ತೊಡಕೂ ಇಲ್ಲ. ಆದರೆ 'ತಂಬಾಕು ಬಿಟ್ಟೆ, ಅಡಿಕೆ ಮಾತ್ರ ಹಾಕ್ತೇನೆ' ಎಂದರೆ ಅರ್ಧ ಬಿಟ್ಟ ಹಾಗೆ, ಅಡಿಕೆಯೊಂದೇ ಆದರೂ ಬಾಯಿ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಕೆನ್ನೆಯ ಒಳಗಿನ ಬಿಳಿ ಮಚ್ಚೆ ಬಿಟ್ಟ ಮೇಲೆ ಕೆಲವರಿಗೆ ಮಾಯವಾಗುತ್ತದೆ, ಬಿಗಿದು ಹೋದ ಬಾಯಿ ಮಾತ್ರ ಮೊದಲಿನ ಹಾಗೆ ತೆರೆಯುವುದಿಲ್ಲ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಮೂರು ಬೆರಳು ನೆಟ್ಟಗೆ ಹಿಡಿಸದ ಬಾಯಿ ಕಂಡರೆ ದಂತವೈದ್ಯರ ಬಳಿ ಕರೆದೊಯ್ಯಿರಿ.

ಊರಿಂದ ಊರಿಗೆ ಓಡಾಡಲಾಗದವರಿಗೆ ಸರಕಾರದ ಉಚಿತ ಫೋನ್ ಸಹಾಯವಾಣಿ 1800-11-2356 ಇದೆ. ದಕ್ಷಿಣದ ಭಾಷೆಗಳ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ಹಿರಿಯರೇ ಮಾತಾಡಲಿ, ನೀವು ಪಕ್ಕದಲ್ಲಿ ಕುಳಿತಿದ್ದರೆ ಸಾಕು.