ಕಾಂಪೌಂಡ್ ಗೋಡೆ: ಇಟ್ಟಿಗೆಗಿಂತ ಗಿಲಾವಿನ ಖರ್ಚೇ ಹೆಚ್ಚು

ಕಾಂಪೌಂಡ್ ಕಟ್ಟಿಸಲು ಹೊರಟವರು ಮೊದಲು ವಿಚಾರಿಸುವುದು ಇಟ್ಟಿಗೆಯ ದರವನ್ನು. ಆದರೆ ಲೆಕ್ಕ ತಪ್ಪುವುದು ಹೆಚ್ಚಾಗಿ ಗಿಲಾವಿನಲ್ಲಿ, ಅಂದರೆ ಪ್ಲಾಸ್ಟರಿಂಗಿನಲ್ಲಿ.

ಒಂದು ಉದಾಹರಣೆ ನೋಡೋಣ. ಪಾಯ ಆಗಲೇ ಸಿದ್ಧವಿದೆ. ಅದರ ಮೇಲೆ 100 ಅಡಿ ಉದ್ದ, 5 ಅಡಿ ಎತ್ತರದ ಒಂಟಿ ಇಟ್ಟಿಗೆ ಗೋಡೆ ಏಳಬೇಕು. ಗೋಡೆ ತೆಳುವಾದ್ದರಿಂದ ಪ್ರತಿ ಹತ್ತು ಅಡಿಗೊಂದು 9 ಇಂಚಿನ ಕಂಬ ಬೇಕು.

ಇಟ್ಟಿಗೆಯ ಅಳತೆ 9 ಇಂಚು ಉದ್ದ, 4 ಇಂಚು ಅಗಲ, 3 ಇಂಚು ಎತ್ತರ ಎಂದಿಟ್ಟುಕೊಳ್ಳಿ. ಸಂದಿಯ ಅರ್ಧ ಇಂಚು ಗಾರೆ ಸೇರಿದರೆ ಚದರಡಿಗೆ ನಾಲ್ಕೂಕಾಲಿಗಿಂತ ತುಸು ಹೆಚ್ಚು ಇಟ್ಟಿಗೆ ಹಿಡಿಯುತ್ತದೆ. 500 ಚದರಡಿಗೆ ಸುಮಾರು 2,165. ಕಂಬಗಳಿಗೆ, ಒಡೆದು ಹೋಗುವುದಕ್ಕೆ ಸೇರಿಸಿ 2,500 ತರಿಸಬೇಕು. ಲೋಡು ಇಳಿಸುವ ಮೊದಲೇ ನಾಲ್ಕಾರು ಇಟ್ಟಿಗೆಗಳನ್ನು ಟೇಪು ಹಿಡಿದು ಅಳೆಯಿರಿ. ಉದ್ದದಲ್ಲಿ ಅರ್ಧ ಇಂಚು, ಎತ್ತರದಲ್ಲಿ ಕಾಲಿಂಚು ಕಡಿಮೆ ಇದ್ದರೆ ಇದೇ ಗೋಡೆಗೆ 300 ಇಟ್ಟಿಗೆ ಹೆಚ್ಚು ಬೇಕಾಗುತ್ತದೆ.

ಕಟ್ಟಡದ ಗಾರೆಗೆ ಒಂದು ಪಾಲು ಸಿಮೆಂಟು, ಆರು ಪಾಲು ಮರಳು. ಈ ಗೋಡೆಗೆ 7 ಮೂಟೆ ಸಿಮೆಂಟು, 50 ಘನ ಅಡಿ ಮರಳು ಸಾಕು. ಒಬ್ಬ ಮೇಸ್ತ್ರಿ ದಿನಕ್ಕೆ 400 ಇಟ್ಟಿಗೆ ಇಟ್ಟರೂ ಆರು ದಿನದಲ್ಲಿ ಗೋಡೆ ಎದ್ದು ನಿಲ್ಲುತ್ತದೆ.

ಇನ್ನು ಗಿಲಾವು. ಗೋಡೆ 500 ಚದರಡಿಯಾದರೂ ಗಿಲಾವು ಎರಡೂ ಕಡೆಗೆ ಬೇಕು. ಗೋಡೆಯ ತಲೆ, ಕಂಬಗಳ ಬದಿ ಸೇರಿದರೆ 1,080 ಚದರಡಿಯಾಗುತ್ತದೆ. ಅರ್ಧ ಇಂಚು ದಪ್ಪಕ್ಕೆ, ಒಂದಕ್ಕೆ ಐದರ ಪಾಲಿನಲ್ಲಿ, 10 ಮೂಟೆ ಸಿಮೆಂಟು, 60 ಘನ ಅಡಿ ಮರಳು ಬೇಕು. ಮೇಸ್ತ್ರಿ ದಿನಕ್ಕೆ ಸುಮಾರು 100 ಚದರಡಿ ಮುಗಿಸಿದರೆ ಹನ್ನೊಂದು ದಿನದ ಕೆಲಸ.

ಇಟ್ಟಿಗೆಗೆ 10, ಸಿಮೆಂಟು ಮೂಟೆಗೆ 400, ಮರಳು ಘನ ಅಡಿಗೆ 60, ಮೇಸ್ತ್ರಿ ಮತ್ತು ಒಬ್ಬ ಆಳಿಗೆ ಸೇರಿ ದಿನಕ್ಕೆ 1,800 ರೂಪಾಯಿ ಎಂದು ಹಿಡಿಯೋಣ. ನಿಮ್ಮೂರಿನ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಒಟ್ಟು 69,000 ರೂಪಾಯಿ. ಇದರಲ್ಲಿ ಇಟ್ಟಿಗೆಯದು 25,000. ಗಿಲಾವಿನದು ಸಾಮಾನು, ಕೂಲಿ ಎಲ್ಲ ಸೇರಿ 27,400.

ಆದ್ದರಿಂದ ಉಳಿತಾಯದ ದಾರಿ ಇರುವುದು ತೂಗುಗುಂಡಿನಲ್ಲಿ. ಗೋಡೆ ವಾಲಿದರೆ ಅದನ್ನು ಮುಚ್ಚಲು ಮೇಸ್ತ್ರಿ ಗಿಲಾವು ದಪ್ಪ ಮಾಡುತ್ತಾನೆ. ಎರಡೂ ಕಡೆ ಕಾಲಿಂಚು ಹೆಚ್ಚಾದರೆ ಐದು ಮೂಟೆ ಸಿಮೆಂಟು, 30 ಘನ ಅಡಿ ಮರಳು ಹೆಚ್ಚುವರಿ ಹೋಗುತ್ತದೆ. ಅಂದರೆ 3,800 ರೂಪಾಯಿ. ನಾಲ್ಕೈದು ವರಸೆ ಏಳುತ್ತಿದ್ದಂತೆ ಗುಂಡು ಇಳಿಬಿಟ್ಟು ನೋಡಿ. ಮೇಲೂ ಕೆಳಗೂ ದಾರಕ್ಕೂ ಗೋಡೆಗೂ ನಡುವಿನ ಅಂತರ ಒಂದೇ ಇರಬೇಕು. ಇಲ್ಲದಿದ್ದರೆ ಗಾರೆ ಹಸಿಯಾಗಿರುವಾಗಲೇ ಬಿಚ್ಚಿಸಿ ಸರಿಮಾಡಿಸಿ. ಕೊಟೇಶನ್ ಕೇಳುವಾಗಲೂ ಕಟ್ಟುವ ಕೂಲಿ, ಗಿಲಾವಿನ ಕೂಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ.